ಎಚ್ಚರದ ಸಾಲ

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ಬಲ್ಲರು. ಅದರ ಬುಡದಲ್ಲಿಯೇ ಹತ್ತಿ, ಭತ್ತ ಹೇರಿಕೊಂಡ ಲಾರಿಗಳು ಇರುಳೆಲ್ಲ ಓಡುತ್ತವೆ. ನಡೆಸುವವರಿಗೆ ಮಾತ್ರ ಮಲಗುವ ಯೋಗವಿಲ್ಲ. ನಿದ್ದೆ ತಡೆಯಲು ಅವರು ನೆಚ್ಚಿರುವುದು ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿದ ತಂಬಾಕನ್ನು, ಇಲ್ಲವೆ ಗುಟಕಾವನ್ನು. ರಾಜ್ಯದಲ್ಲಿ ಗುಟಕಾ 2013ರಲ್ಲಿಯೇ ನಿಷಿದ್ಧವಾಯಿತು. ಆಮೇಲೆ ಪಾನ್ ಮಸಾಲೆಯೂ ತಂಬಾಕೂ ಬೇರೆ ಬೇರೆ ಪಾಕೀಟುಗಳಲ್ಲಿ ಬಂದವು, ಬೆರಸುವ ಕೆಲಸ ಕೊಳ್ಳುವವನದಾಯಿತು.

ತಂಬಾಕು ಎಚ್ಚರ ಕೊಡುವುದೆಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಎಚ್ಚರದ ಬಗೆ ಎಂಥದು? ಸುರಪುರದಿಂದ ಸಂಜೆ ಹೊರಟ ಚಾಲಕನೊಬ್ಬನನ್ನು ಭಾವಿಸೋಣ. ಹತ್ತು ಗಂಟೆಗೆ ಅವನು ತಂಬಾಕು ಹಾಕುತ್ತಾನೆ. ರಕ್ತದಲ್ಲಿಯ ನಿಕೊಟಿನ್ ಸುಮಾರು ಎರಡು ತಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ರೂಢಿಬಿದ್ದ ದೇಹ ಆಗ ಮಂಕಾಗುತ್ತದೆ, ಮನಸ್ಸು ನಿಲ್ಲದು. ಇದನ್ನೇ ನಿದ್ದೆಯೆಂದು ತಿಳಿದು ಹನ್ನೆರಡಕ್ಕೆ ಮತ್ತೆ ಹಾಕುತ್ತಾನೆ, ಮಂಕು ಹರಿಯುತ್ತದೆ. ತಂಬಾಕು ಇಲ್ಲಿ ಹೆಚ್ಚಾಗಿ ತಾನೇ ತಂದ ಮಂಕನ್ನು ತಾನೇ ಕಳೆಯಿತು. ಎರಡರಿಂದ ಐದರವರೆಗೆ ಬರುವುದು ನಿಜವಾದ ನಿದ್ದೆ; ಅದರ ಸಾಲವನ್ನು ಯಾವ ಸೊಪ್ಪೂ ತೀರಿಸಲಾರದು. ಬಾಯಿ ಅಗಿಯುತ್ತಿರುವಾಗಲೇ ಕಣ್ಣು ನಾಲ್ಕಾರು ಕ್ಷಣ ಮುಚ್ಚಿಬಿಡಬಹುದು. ಕಳೆದ ಎರಡು ಮೈಲಿ ಹೇಗೆ ಬಂದೆನೆಂಬುದು ನೆನಪಾಗದಿದ್ದರೆ, ಗಾಡಿ ಅಂಚಿಗೆ ಸರಿದರೆ, ನಿಲ್ಲಿಸುವ ಸಮಯ ಬಂದಿತೆಂದೇ ಅರ್ಥ.

ಆಗ ರಸ್ತೆಯಿಂದಾಚೆ, ಧಾಬಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಗಟ್ಟಿ ಚಹಾ ಕುಡಿದು, ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಮಲಗಬೇಕು. ಚಹಾದ ಗುಣ ಪೂರ್ತಿ ಏರಲು ಅರ್ಧ ತಾಸು ಬೇಕು. ನಿದ್ದೆಯೂ ಚಹಾವೂ ಹೀಗೆ ಒಂದಕ್ಕೊಂದು ನೆರವಾಗುತ್ತವೆ. ಎದ್ದು ಹತ್ತು ನಿಮಿಷ ಅಡ್ಡಾಡಿದ ಮೇಲೆಯೇ ಗಾಡಿ ಏರಬೇಕು. ಇದೂ ಒಂದೆರಡು ತಾಸಿನ ಮಾತು; ರಾತ್ರಿಯ ನಿದ್ದೆಗೆ ಬದಲಲ್ಲ. ತಂಬಾಕು ಬಿಡಬೇಕೆನ್ನುವವನು ಬಾಡಿಗೆಯಿಲ್ಲದ ದಿನಗಳಲ್ಲಿ ತೊಡಗಲಿ. ಮೊದಲ ಎರಡು ಮೂರು ದಿನ ಮಂಕು ಹೆಚ್ಚು. ಕೇಂದ್ರ ಸರಕಾರದ 1800-11-2356 ದೂರವಾಣಿಯಲ್ಲಿ ಸಲಹೆ ಉಚಿತ.

ಯಾದಗಿರಿಯ ಆಟೋದವರಿಗೂ ಈ ಮಾತು ಸಲ್ಲುತ್ತದೆ. ಗಾರೆ ಕೆಲಸದವರ ಮಂಕಿಗೆ ಮಾತ್ರ ಬಿಸಿಲೂ ಕಾರಣ. ಅವರಿಗೆ ಬೇಕಾದುದು ನಸುಕಿನಲ್ಲಿ ಕೆಲಸದ ಆರಂಭ, ಬಾಯಾರುವ ಮೊದಲೇ ನೀರು, ನಡುಹಗಲಿಗೆ ನೆರಳು.

ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ ಎಂಟು ತಾಸು ದುಡಿಮೆ, ಐದು ತಾಸಿಗೆ ಮುನ್ನ ಅರ್ಧ ತಾಸು ವಿರಾಮ ಎಂದು 1961ರ ಕಾನೂನು ಗೊತ್ತುಮಾಡಿತ್ತು. ಆದರೆ ಟ್ರಿಪ್ಪಿಗೆ ಇಷ್ಟೆಂದು ಕೂಲಿ ಪಡೆಯುವವನಿಗೆ ನಿಂತ ಪ್ರತಿ ತಾಸೂ ನಷ್ಟ. ಮಾಲು ಮುಟ್ಟಿಸುವ ಗಡುವಿನಲ್ಲಿ ನಿದ್ದೆಯ ತಾಸುಗಳನ್ನೂ ಒಡೆಯನು ಎಣಿಸುವವರೆಗೆ, ಚಾಲಕನ ಕೈ ಮತ್ತೆ ಮತ್ತೆ ಜೇಬಿನ ಪಾಕೀಟಿಗೇ ಹೋಗುವುದು.