ಮೊದಲು ಪುಸ್ತಕ, ಆಮೇಲೆ ಬೆಳ್ಳಿತೆರೆ

‘ಸಿನಿಮಾ ನೋಡಿಯಾಗಿದೆ, ಇನ್ನು ಕಾದಂಬರಿಯನ್ನೇಕೆ ಓದಬೇಕು?’ ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಮನೆಗಳಲ್ಲಿ ಈ ಮಾತು ನಮ್ಮ ಕಿವಿಗೆ ಪದೇ ಪದೇ ಬೀಳುತ್ತಿದೆ. ಮರಾಠಿ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಹೊರಟರೆ ಲಿಪಿ ತೊಡಕಾಗುತ್ತದೆ. ಆದ್ದರಿಂದ ಚಿತ್ರ ತೋರಿಸಿದರೆ ಸಾಹಿತ್ಯವನ್ನೇ ಮುಟ್ಟಿಸಿದಂತಾಯಿತು ಎಂದು ಹಿರಿಯರು ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಸಮಾಧಾನವನ್ನು ನಾವು ಒಪ್ಪಲಾರೆವು.

‘ನಾಗರಹಾವು’ ಚಿತ್ರವನ್ನೇ ತೆಗೆದುಕೊಳ್ಳೋಣ. 1972ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು. ಅದಕ್ಕೆ ಆಧಾರವಾದದ್ದು ತ.ರಾ.ಸುಬ್ಬರಾಯರ ಒಂದು ಕಾದಂಬರಿಯಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು. ಮೂರು ಪುಸ್ತಕಗಳ ಬದುಕು ಕೆಲವೇ ಗಂಟೆಗಳ ಚಿತ್ರದಲ್ಲಿ ಹಿಡಿಯಬೇಕಾದರೆ ಬಹುಪಾಲು ಹೊರಗುಳಿಯಲೇಬೇಕು. ಅಲಮೇಲು, ಮಾರ್ಗರೇಟ್, ಚಾಮಯ್ಯ ಮೇಷ್ಟ್ರು ಇವರೊಡನೆ ರಾಮಾಚಾರಿಯ ಸಂಬಂಧಗಳು ವರ್ಷಗಳ ಅವಧಿಯಲ್ಲಿ ಹದಗೊಂಡು ಹದಗೆಡುವಂಥವು. ಚಿತ್ರದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಕಾಲ ಉರುಳಿರುತ್ತದೆ. ಚಿತ್ರವು ಜನಮನವನ್ನು ಗೆದ್ದಿತು. ಆದರೆ ಕಾದಂಬರಿಕಾರರಿಗೆ ಅದು ತೃಪ್ತಿ ನೀಡಲಿಲ್ಲವೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಇಬ್ಬರಲ್ಲಿ ಯಾರು ಸರಿ ಎಂಬ ವಾದ ನಮಗೆ ಬೇಡ. ನೋಡುಗನು ಚಿತ್ರವನ್ನಷ್ಟೇ ನೋಡಿದ್ದಾನೆ, ಮೂರು ಕಾದಂಬರಿಗಳನ್ನು ಓದಿಲ್ಲ ಎಂಬುದಷ್ಟೇ ನಮ್ಮ ಮಾತು.

ಹಾಗಾದರೆ ಯಾವುದು ಮೊದಲು? ಪುಸ್ತಕವೇ ಮೊದಲು ಎಂದು ನಾವು ಹೇಳಲು ಕಾರಣವಿದೆ. ಓದುವಾಗ ರಾಮಾಚಾರಿಯ ಮುಖವನ್ನು ಓದುಗನೇ ಕಡೆದುಕೊಳ್ಳುತ್ತಾನೆ. ಆಮೇಲೆ ವಿಷ್ಣುವರ್ಧನರನ್ನು ಕಂಡರೆ ಎರಡು ಮುಖಗಳನ್ನು ಹೋಲಿಸಿ ನೋಡಬಲ್ಲ. ಚಿತ್ರದ ಸವಿಗೆ ಕುಂದಿಲ್ಲ. ಮೊದಲೇ ಚಿತ್ರ ನೋಡಿದವನಿಗಾದರೋ ರಾಮಾಚಾರಿಯೆಂದರೆ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರೆಂದರೆ ಅಶ್ವತ್ಥ್. ಪುಟ ತಿರುವಿದಂತೆಲ್ಲ ಆ ಮುಖಗಳೇ ಅಡ್ಡ ಬರುತ್ತವೆ. ಬೆಟ್ಟದ ಮೇಲಿನ ಕೊನೆಯೂ ಮೊದಲೇ ಗೊತ್ತು. ಓದಿನಿಂದ ನೋಟಕ್ಕೆ ನಷ್ಟವಿಲ್ಲ, ನೋಟದಿಂದ ಓದಿಗೆ ನಷ್ಟವಿದೆ.

‘ಓದಲು ಬಾರದ ಮಗು ಏನು ಮಾಡಬೇಕು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಚಿತ್ರರಂಗದಲ್ಲೇ ಇದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಮತ್ತು ‘ತಬರನ ಕಥೆ’ ಎರಡೂ ಸ್ವರ್ಣಕಮಲ ಪಡೆದ ಚಿತ್ರಗಳು. ಎರಡಕ್ಕೂ ಮೂಲ ದೊಡ್ಡ ಕಾದಂಬರಿಯಲ್ಲ, ಸಣ್ಣಕತೆ. ಮೊದಲನೆಯದು ಅನಂತಮೂರ್ತಿಯವರದು, ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರದು. ಕತೆ ಚಿಕ್ಕದಾದ್ದರಿಂದ ಚಿತ್ರಕಾರನಿಗೆ ಕತ್ತರಿ ಹಿಡಿಯುವ ಕೆಲಸವಿಲ್ಲ, ಹಿಗ್ಗಿಸುವ ಅವಕಾಶವಿದೆ. ನಿವೃತ್ತ ತಬರಶೆಟ್ಟಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಇತ್ತ ಹೆಂಡತಿಯ ಕಾಲು ಕೊಳೆಯುತ್ತದೆ. ಆ ಅಲೆದಾಟದ ಒಂದೊಂದು ಮೆಟ್ಟಿಲನ್ನೂ ಚಿತ್ರ ನಿಧಾನವಾಗಿ ತೋರಿಸಬಲ್ಲದು. ಪಿಂಚಣಿದಾರರಾದ ನಮ್ಮಂಥವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲಕತೆಯೋ ಕೆಲವು ಸಂಜೆಗಳಲ್ಲಿ ಮುಗಿಯುವಂಥದು. ತಂದೆತಾಯಿಗಳು ಗಟ್ಟಿಯಾಗಿ ಓದಲಿ, ಮಗು ಅಕ್ಷರದ ಮೇಲೆ ಬೆರಳಿಟ್ಟು ಹಿಂಬಾಲಿಸಲಿ. ಅನಂತರ ಎಲ್ಲರೂ ಕೂಡಿ ಚಿತ್ರ ನೋಡಲಿ.

ಒಳ್ಳೆಯ ರೂಪಾಂತರವನ್ನು ಗುರುತಿಸುವ ಬಗೆಯೂ ಇದರಿಂದಲೇ ತಿಳಿಯುತ್ತದೆ. ಮೊದಲು ಮೂಲದ ಗಾತ್ರವನ್ನು ನೋಡಬೇಕು; ಗ್ರಂಥ ಹಿರಿದಾದಷ್ಟೂ ಚಿತ್ರದಲ್ಲಿ ಕಳೆದುಹೋಗುವುದು ಹೆಚ್ಚು. ಬಳಿಕ, ಕತೆ ಯಾರ ಕಣ್ಣಿನಿಂದ ಸಾಗುತ್ತದೆಂಬುದನ್ನು ಚಿತ್ರ ಕಾಪಾಡಿದೆಯೇ ಎಂದು ಕೇಳಬೇಕು. ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನಕ್ಕನ ದುರಂತ ನಮಗೆ ಕಾಣುವುದು ಬಾಲಕ ನಾಣಿಯ ಮೂಲಕ. ಹಿರಿಯರ ಕ್ರೌರ್ಯ ಅವನಿಗೆ ಪೂರ್ತಿ ಅರ್ಥವಾಗದಿರುವುದರಿಂದಲೇ ನಮ್ಮ ಎದೆ ಹೆಚ್ಚು ನಡುಗುತ್ತದೆ. ಚಿತ್ರ ಆ ಬಾಲಕನ ಕೈ ಬಿಟ್ಟಿಲ್ಲ. ಘಟನೆಗಳನ್ನೆಲ್ಲ ಉಳಿಸಿಕೊಂಡು ಈ ಕಣ್ಣನ್ನು ಕಳೆದುಕೊಂಡ ಚಿತ್ರವು ಕತೆಯ ಸಾರಾಂಶವಾದೀತೇ ಹೊರತು ರೂಪಾಂತರವಾಗದು.

ಈ ಮಾತು ಕನ್ನಡಕ್ಕಷ್ಟೇ ಸಲ್ಲುವುದಲ್ಲ. ನಮ್ಮ ಪಕ್ಕದ ಕಾಗಲದವರೇ ಆದ ಆನಂದ ಯಾದವರ ‘ನಟರಂಗ’ ಕಾದಂಬರಿ 2010ರಲ್ಲಿ ಚಿತ್ರವಾಗಿ ಬಂದಿತು. ಅದರ ಲಾವಣಿಗಳು ನಮ್ಮ ಮಕ್ಕಳಿಗೆ ಬಾಯಿಪಾಠ. ಕಾದಂಬರಿಯ ಹೆಸರು ಹೇಳುವವರು ವಿರಳ. ಮರಾಠಿಯಂಥ ಬಲವುಳ್ಳ ನೆರೆಭಾಷೆಗೂ ಈ ಗತಿಯಾದರೆ, ಗಡಿಯಾಚೆ ಉಳಿದ ನಮ್ಮ ಕನ್ನಡಕ್ಕೆ ಅಪಾಯ ಇನ್ನೂ ಹೆಚ್ಚು. ತೆರೆಯ ಮೇಲಿನ ಮಾತನ್ನು ಕೇಳಿ ಬೆಳೆದ ಮಗುವಿಗೆ ಭಾಷೆ ಕಿವಿಯಲ್ಲಿ ಉಳಿಯುತ್ತದೆ, ಕಣ್ಣಿನಿಂದ ಜಾರುತ್ತದೆ. ಮುಂದಿನ ತಲೆಮಾರಿಗೆ ಕಿವಿಯಿಂದಲೂ ಜಾರುತ್ತದೆ. ಆದ್ದರಿಂದ ಸಂಘದವರು ಚಿತ್ರಪ್ರದರ್ಶನವನ್ನು ಏರ್ಪಡಿಸುವುದಾದರೆ ಒಂದು ತಿಂಗಳ ಮುಂಚೆಯೇ ಮೂಲಕೃತಿಯ ಪ್ರತಿಗಳನ್ನು ಮನೆಮನೆಗೆ ಹಂಚಲಿ. ಓದದೆ ಬಂದವರಿಗೂ ಕುರ್ಚಿ ಇರಲಿ. ಆದರೆ ಚಿತ್ರದ ಬಳಿಕ ನಡೆಯುವ ಚರ್ಚೆಯಲ್ಲಿ ಮೊದಲ ಮಾತು ಓದಿ ಬಂದವರದಾಗಲಿ.