ಬೇಗ ಬಿಡಿ ಎಂದು ಕೇಳುವ ಮೊದಲು

ಬೆಂಗಳೂರಿನ ಐಟಿ ಸೇವಾ ಕಂಪನಿಗಳಲ್ಲಿ ರಾಜೀನಾಮೆ ಕೊಟ್ಟವರಿಗೆ 90 ದಿನಗಳ ನೋಟಿಸ್ ಅವಧಿ ಮಾಮೂಲಾಗಿಬಿಟ್ಟಿದೆ. ಹೊಸಬರನ್ನು ಕರೆಯುವಾಗ ಮಾತ್ರ ಇದೇ ವಲಯದ ಕಂಪನಿಗಳು ‘30 ದಿನದೊಳಗೆ ಸೇರುವವರಿಗೆ ಆದ್ಯತೆ’ ಎನ್ನುತ್ತವೆ. ನಡುವಿನ ಎರಡು ತಿಂಗಳನ್ನು ಹೇಗಾದರೂ ಕರಗಿಸುವ ಹೊಣೆ ಕೆಲಸ ಬಿಡುವವರ ಹೆಗಲಿಗೆ ಬೀಳುತ್ತದೆ. ಅವರು ಮ್ಯಾನೇಜರ್ ಮುಂದೆ ಕುಳಿತು, ಸ್ವಲ್ಪ ಬೇಗ ರಿಲೀವ್ ಮಾಡಿ ಎಂದು ಬೇಡಿಕೊಳ್ಳುತ್ತಾರೆ. ಊರಿನಲ್ಲಿರುವ ತಂದೆಯ ಆರೋಗ್ಯ, ಮಕ್ಕಳ ಶಾಲೆ, ಹೊಸ ಕಂಪನಿಯ ಅವಸರ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಆ ಕಾರಣಗಳು ನಿಜವೇ ಇರಬಹುದು. ಆದರೆ ತೀರ್ಮಾನ ಆಗುವುದು ಬೇರೊಂದು ಲೆಕ್ಕದ ಮೇಲೆ.

ಆ ಲೆಕ್ಕ ಬಿಲ್ಲಿಂಗಿನದು. ಸೇವಾ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಕೂರುವ ಜಾಗಕ್ಕೆ ಗ್ರಾಹಕ ಕಂಪನಿ ಗಂಟೆಯ ಅಥವಾ ತಿಂಗಳ ಲೆಕ್ಕದಲ್ಲಿ ಹಣ ಕೊಡುತ್ತಿರುತ್ತದೆ. ಜಾಗ ಖಾಲಿಯಾದ ದಿನದಿಂದ ಆ ಹಣ ನಿಲ್ಲುತ್ತದೆ. ಬದಲಿಯವರು ಬಂದರೂ ಕೆಲಸ ಕಲಿಯುವಷ್ಟು ದಿನ ಅವರಿಗೆ ಬಿಲ್ ಹಾಕಲು ಗ್ರಾಹಕರು ಬಹಳ ಸಲ ಒಪ್ಪುವುದಿಲ್ಲ. ಹಾಗಾಗಿ ಮ್ಯಾನೇಜರ್ ಬಾಯಲ್ಲಿ ‘ಪ್ರಾಜೆಕ್ಟ್ ಕ್ರಿಟಿಕಲ್ ಆಗಿದೆ’ ಎಂಬ ಮಾತು ಬಂದಾಗ, ಅದರ ಹಿಂದೆ ಇರುವ ಪ್ರಶ್ನೆ ಒಂದೇ: ಈ ಜಾಗಕ್ಕೆ ಯಾರು, ಎಂದಿನಿಂದ? ಇದಕ್ಕೆ ಉತ್ತರ ಹಿಡಿದುಕೊಂಡು ಹೋದವರ ಮಾತು ಮುಂದಕ್ಕೆ ಸಾಗುತ್ತದೆ. ಕಾರಣವನ್ನಷ್ಟೇ ಹಿಡಿದುಕೊಂಡು ಹೋದವರಿಗೆ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ.

ಕೇಳುವುದಕ್ಕೆ ಮೊದಲು ನೇಮಕಾತಿ ಪತ್ರವನ್ನು ತೆಗೆದು ಓದಬೇಕು. ‘ಎರಡೂ ಕಡೆಯವರು 90 ದಿನಗಳ ನೋಟಿಸ್ ಅಥವಾ ಅಷ್ಟು ದಿನಗಳ ವೇತನ ಕೊಟ್ಟು ಒಪ್ಪಂದ ಮುಗಿಸಬಹುದು’ ಎಂದಿದ್ದರೆ, ಹಣ ಕಟ್ಟಿ ಹೊರಡುವ ದಾರಿ ನಿಮ್ಮ ಕೈಯಲ್ಲೂ ಇದೆ. ‘ನೋಟಿಸ್ ಬದಲು ವೇತನ ಪಡೆಯುವುದು ಕಂಪನಿಯ ವಿವೇಚನೆಗೆ ಬಿಟ್ಟಿದ್ದು’ ಎಂದಿದ್ದರೆ, ಹಣ ಕೊಡಲು ನೀವು ಸಿದ್ಧರಿದ್ದರೂ ಒಪ್ಪಿಗೆ ಬೇಕು. ಎರಡನೆಯ ಬಗೆಯ ಪತ್ರಗಳು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆರು ತಿಂಗಳು ಸೇವೆ ಸಲ್ಲಿಸಿದ ನೌಕರರನ್ನು ತೆಗೆಯಲು ಮಾಲೀಕರು ಕೊಡಬೇಕಾದ ಕನಿಷ್ಠ ನೋಟಿಸ್ ಒಂದು ತಿಂಗಳು ಎಂದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ತಾನು ಬಿಡಿಸುವಾಗ ವೇತನ ಕೊಟ್ಟು ಅಂದೇ ಕಳುಹಿಸಬಲ್ಲ ಕಂಪನಿ, ತಾನಾಗಿ ಹೊರಡುವವರನ್ನು ಮೂರು ತಿಂಗಳು ಹಿಡಿದಿಡುವುದಕ್ಕೆ ಸಮರ್ಥನೆ ಕಾಣುವುದಿಲ್ಲ.

ಹಾಗೆಂದು ಎದ್ದು ಹೊರಟುಬಿಡುವುದು ತಪ್ಪು ದಾರಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ ವ್ಯಕ್ತಿಯೊಬ್ಬರಿಂದ ಬಲವಂತವಾಗಿ ಚಾಕರಿ ಮಾಡಿಸುವ ಆದೇಶವನ್ನು ನ್ಯಾಯಾಲಯ ಕೊಡುವುದಿಲ್ಲ, ನಿಜ. ಆದರೆ ಒಪ್ಪಂದ ಮುರಿದದ್ದಕ್ಕೆ ಹಣ ಕೇಳುವ ಹಕ್ಕು ಕಂಪನಿಗೆ ಉಳಿಯುತ್ತದೆ. ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಅಧಿಕಾರಿಯಿಂದ ವಿಜಯಾ ಬ್ಯಾಂಕ್ 2 ಲಕ್ಷ ರೂಪಾಯಿ ಪಡೆದದ್ದನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಅದು ನೋಟಿಸ್ ಅವಧಿಯ ಮೊಕದ್ದಮೆಯಲ್ಲ, ಬಾಂಡ್‌ನದು. ಆದರೂ ಸಹಿ ಹಾಕಿದ ಷರತ್ತಿಗೆ ಬೆಲೆಯಿದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಹಣಕ್ಕಿಂತ ದೊಡ್ಡ ತೊಂದರೆ ರಿಲೀವಿಂಗ್ ಲೆಟರ್‌ನದು. ಅದಿಲ್ಲದಿದ್ದರೆ ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಹೆಸರು ಸಿಕ್ಕಿಕೊಳ್ಳುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ತಿಂಗಳಿಗೆ 1 ಲಕ್ಷ ರೂಪಾಯಿ ಸಂಬಳ, ಅದರಲ್ಲಿ 50 ಸಾವಿರ ಮೂಲವೇತನ ಇರುವ ಎಂಜಿನಿಯರ್ ಒಬ್ಬಳು ಮಾರ್ಚ್ 3ರಂದು ರಾಜೀನಾಮೆ ಕೊಡುತ್ತಾಳೆ. ಆ ದಿನವನ್ನೂ ಸೇರಿಸಿ ಎಣಿಸಿದರೆ 90 ದಿನ ಮುಗಿಯುವುದು ಮೇ 31ಕ್ಕೆ. ಹೊಸ ಕಂಪನಿ ಮೇ ಮೊದಲ ವಾರದಲ್ಲಿ ಬರಲು ಹೇಳಿದೆ. ಅವಳು ಕೇಳಬೇಕಾದ ದಿನ ಏಪ್ರಿಲ್ 30. ತಿಂಗಳ ಕೊನೆ ಆದ್ದರಿಂದ ಬಿಲ್ಲಿಂಗ್ ಅಲ್ಲಿಗೆ ಚೊಕ್ಕವಾಗಿ ಮುಗಿಯುತ್ತದೆ. ಏಪ್ರಿಲ್ ಮಧ್ಯದಲ್ಲಿರುವ ರಿಲೀಸ್‌ಗೂ ಅವಳು ಇರುತ್ತಾಳೆ. ‘ಆದಷ್ಟು ಬೇಗ’ ಎನ್ನುವುದಕ್ಕಿಂತ ಇಂಥ ಒಂದು ದಿನಾಂಕ ಹೇಳಿದರೆ ಮ್ಯಾನೇಜರ್ ತನ್ನ ಮೇಲಿನವರಿಗೆ ಅದನ್ನು ದಾಟಿಸುವುದು ಸುಲಭ.

ಕಡಿಮೆ ಬೀಳುವುದು ಮೇ ತಿಂಗಳ 31 ದಿನ. ಖಾತೆಯಲ್ಲಿ 12 ಗಳಿಕೆ ರಜೆ ಇದ್ದು, ಅವನ್ನು ನೋಟಿಸ್‌ಗೆ ಹೊಂದಿಸಲು ಕಂಪನಿ ಒಪ್ಪಿದರೆ ಉಳಿಯುವುದು 19 ದಿನ. ಮೂಲವೇತನದ ಮೇಲೆ ವಸೂಲಿ ಮಾಡಿದರೆ ಅದು ಸುಮಾರು 31,667 ರೂಪಾಯಿ. ಪೂರ್ತಿ ಸಂಬಳದ ಮೇಲಾದರೆ 63,333. ಯಾವುದರ ಮೇಲೆ ಎಂಬುದನ್ನು ಎಚ್‌ಆರ್‌ ಹತ್ತಿರ ಮೊದಲೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಬೇಕು. ಈ ಮೊತ್ತವನ್ನು ಹೊಸ ಕಂಪನಿ ತುಂಬಿಕೊಡುತ್ತೇನೆಂದರೂ, ಸಾಮಾನ್ಯವಾಗಿ ಅದನ್ನು ಸಂಬಳದ ಜೊತೆ ಸೇರಿಸಿ ತೆರಿಗೆ ಹಿಡಿಯುವುದರಿಂದ ಕೈಗೆ ಪೂರ್ತಿ ಬರುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು. ಐದು ವರ್ಷದ ಸೇವೆ ಇದೇ ಮೇ ತಿಂಗಳಲ್ಲಿ ತುಂಬುವಂತಿದ್ದರೆ, ಏಪ್ರಿಲ್‌ನಲ್ಲೇ ಹೊರಡುವುದರಿಂದ ಗ್ರಾಚ್ಯುಟಿ ಕೈತಪ್ಪಬಹುದು. ಐದು ವರ್ಷಕ್ಕೆ ಅದು ಹತ್ತಿರ ಹತ್ತಿರ ಮೂರು ತಿಂಗಳ ಮೂಲವೇತನ. ನಾಲ್ಕು ವರ್ಷದ ಮೇಲೆ 240 ದಿನ ದುಡಿದಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ, ಆದರೆ ಎಲ್ಲ ಕಂಪನಿಗಳೂ ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ.

ಇನ್ನು ಕೇಳುವ ಬಗೆ. ಮೊದಲು ಎದುರಾಬದುರು ಮಾತಾಡಿ, ಅದೇ ದಿನ ಇಮೇಲ್ ಕಳುಹಿಸುವುದು ಒಳ್ಳೆಯದು. ಅದರಲ್ಲಿ ಇಷ್ಟಿದ್ದರೆ ಸಾಕು: ‘ಸರ್, ನನ್ನ ಕೊನೆಯ ದಿನವನ್ನು ಏಪ್ರಿಲ್ 30 ಎಂದು ಪರಿಗಣಿಸಲು ಕೋರುತ್ತೇನೆ. ಪೇಮೆಂಟ್ಸ್ ಮಾಡ್ಯೂಲನ್ನು ತಂಡದ ಇಂಥವರಿಗೆ ಮಾರ್ಚ್ 20ರಿಂದ ಹೇಳಿಕೊಡಲು ಶುರು ಮಾಡುತ್ತೇನೆ. ಏಪ್ರಿಲ್ ರಿಲೀಸನ್ನು ಅವರೇ ನಡೆಸಲಿ, ನಾನು ಪಕ್ಕದಲ್ಲಿರುತ್ತೇನೆ. ಉಳಿದ ದಿನಗಳಿಗೆ ರಜೆ ಹೊಂದಿಸಿ, ಬಾಕಿಯನ್ನು ನಿಯಮದಂತೆ ಕಡಿತ ಮಾಡಿಕೊಳ್ಳಬಹುದು.’ ಕೆಲಸ ವಹಿಸಿಕೊಳ್ಳುವವರ ಜೊತೆ ಮೊದಲೇ ಮಾತಾಡಿರಬೇಕು. ಅವರನ್ನು ಕೇಳದೆ ಹೆಸರು ಹಾಕಿದರೆ ಒಬ್ಬರ ಅನುಕೂಲಕ್ಕೆ ಇನ್ನೊಬ್ಬರ ಹೊರೆ ಹೆಚ್ಚಿದಂತಾಗುತ್ತದೆ. ಸಣ್ಣ ತಂಡಗಳಲ್ಲಿ ಅಂಥ ಹೆಸರೇ ಇರುವುದಿಲ್ಲ. ಆಗ ಬದಲಿಯವರು ಸಿಗುವವರೆಗೆ ಮ್ಯಾನೇಜರ್ ಬಿಡಲಾರರು, ಅವರು ಎಷ್ಟೇ ಒಳ್ಳೆಯವರಾಗಿದ್ದರೂ. ಆ ಸ್ಥಿತಿಯಲ್ಲಿ ಹೊಸ ಕಂಪನಿಯನ್ನೇ ಇನ್ನೆರಡು ವಾರ ಕಾಯಲು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಬಾಯಿಮಾತಿನ ಒಪ್ಪಿಗೆಯಿಂದ. ಮ್ಯಾನೇಜರ್ ‘ಆಯ್ತು, ಮಾಡೋಣ’ ಎಂದಿರುತ್ತಾರೆ. ಆದರೆ ನಿರ್ಧಾರಕ್ಕೆ ಡೆಲಿವರಿ ಹೆಡ್ ಮತ್ತು ಎಚ್‌ಆರ್‌ ಇಬ್ಬರ ಅನುಮೋದನೆಯೂ ಬೇಕು, ಅಲ್ಲಿ ಯಾರೂ ಕಡತ ಮುಟ್ಟಿರುವುದಿಲ್ಲ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಒಪ್ಪಿಗೆಯಾಗಿ ಎರಡು ವಾರ ಕಳೆದರೂ ರಾಜೀನಾಮೆ ಪೋರ್ಟಲ್‌ನಲ್ಲಿ ಮೇ 31 ಎಂದೇ ಇದ್ದರೆ, ಕಲಿಯಲು ಯಾರೂ ಬಂದು ಕೂತಿಲ್ಲದಿದ್ದರೆ, ಲ್ಯಾಪ್‌ಟಾಪ್ ಹಿಂತಿರುಗಿಸುವ ಸುದ್ದಿಯೇ ಇಲ್ಲದಿದ್ದರೆ ನಿಮ್ಮ ದಿನಾಂಕ ಬದಲಾಗಿಲ್ಲ. ಪೋರ್ಟಲ್‌ನಲ್ಲಿ ಹೊಸ ದಿನಾಂಕ ಕಾಣುವವರೆಗೂ ಹೊಸ ಕಂಪನಿಗೆ ಸೇರುವ ದಿನವನ್ನು ಖಚಿತಪಡಿಸಬಾರದು. ಏಪ್ರಿಲ್ ಮೊದಲ ವಾರದ ಒಳಗೆ ಅದು ಬದಲಾಗದಿದ್ದರೆ ಮ್ಯಾನೇಜರ್‌ಗೆ ನೆನಪಿಸಿ, ಎಚ್‌ಆರ್‌ ಅನ್ನೂ ಅದೇ ಇಮೇಲ್‌ಗೆ ಸೇರಿಸಬೇಕು.

ಹೊರಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹಳೆಯ ಕಂಪನಿ ಪಿಎಫ್ ಖಾತೆಯಲ್ಲಿ ನಿರ್ಗಮನದ ದಿನವನ್ನು ಏಪ್ರಿಲ್ 30 ಎಂದೇ ನಮೂದಿಸಿದೆಯೇ ಎಂದು ನೋಡಿಕೊಳ್ಳಬೇಕು. ಅಲ್ಲಿ ಮೇ 31 ಎಂದು ಬಿದ್ದರೆ ಒಂದೇ ತಿಂಗಳಲ್ಲಿ ಎರಡು ಕಡೆ ದುಡಿದಂತೆ ದಾಖಲಾಗುತ್ತದೆ, ಮುಂದಿನ ಪರಿಶೀಲನೆಯಲ್ಲಿ ವಿವರಣೆ ಕೊಡಬೇಕಾಗುತ್ತದೆ. ಕಂಪನಿ ದಿನಾಂಕವನ್ನೇ ನಮೂದಿಸದೆ ಬಿಟ್ಟಿದ್ದರೆ, ಕೊನೆಯ ವಂತಿಗೆ ಜಮೆಯಾದ ಎರಡು ತಿಂಗಳ ನಂತರ ಇಪಿಎಫ್‌ಒ ಜಾಲತಾಣದಲ್ಲಿ ನೌಕರರೇ ಅದನ್ನು ತುಂಬಬಹುದು.