ಎರಡು ಗೋಲು ಹಿಂದೆ, ಐದು ನಿಮಿಷ ವಿರಾಮ

ಶಾಲಾ ಹಾಕಿ ಪಂದ್ಯದ ವಿರಾಮದಲ್ಲಿ ಸೋಲುತ್ತಿರುವ ತಂಡದ ಪಕ್ಕ ಹೋಗಿ ನಿಂತು ನೋಡಿ. ಹೆಚ್ಚಿನ ಕಡೆ ಕೇಳಿಬರುವುದು ಒಂದೇ ರಾಗ. ‘ಓಡೋಕೆ ಆಗಲ್ವೇನ್ರೋ?’ ‘ಮನೇಲಿ ಊಟ ಹಾಕಿ ಕಳಿಸಿಲ್ವಾ?’ ‘ಪಾಸ್ ಕೊಡಿ, ಟ್ಯಾಕಲ್ ಮಾಡಿ, ಜಾಗ ಬಿಡಬೇಡಿ, ಗೋಲು ಹೊಡೀರಿ!’ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಂಪೈರ್ ಸೀಟಿ ಊದಿರುತ್ತಾರೆ. ಮಕ್ಕಳು ತಲೆ ತಗ್ಗಿಸಿಕೊಂಡು ಮೈದಾನಕ್ಕಿಳಿಯುತ್ತಾರೆ. ಬೈಸಿಕೊಂಡದ್ದು ನೆನಪಿರುತ್ತದೆ, ಏನು ಮಾಡಬೇಕೆಂಬುದು ಮಾತ್ರ ಗೊತ್ತಿರುವುದಿಲ್ಲ.

ಬೇರೆ ರೀತಿಯ ವಿರಾಮವೊಂದನ್ನು ಕೊಡಗಿನ ಒಂದು ಮಣ್ಣಿನ ಮೈದಾನದಲ್ಲಿ ನೋಡಿದೆ. ಎರಡು ಪ್ರೌಢಶಾಲೆಗಳ ಹುಡುಗರ ಪಂದ್ಯ. ದೊಡ್ಡವರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಈಗ 15 ನಿಮಿಷಗಳ ನಾಲ್ಕು ಭಾಗಗಳಿರುತ್ತವೆ. ಇಲ್ಲಿ ಹಳೆಯ ಕ್ರಮದಂತೆ ಎರಡೇ ಅವಧಿ, 25 ನಿಮಿಷಕ್ಕೊಂದು, ನಡುವೆ ಐದು ನಿಮಿಷ ಬಿಡುವು. ಬಿಡುವಿನ ಹೊತ್ತಿಗೆ ಹಳ್ಳಿ ಶಾಲೆಯ ತಂಡ 0–2ರಿಂದ ಹಿಂದಿತ್ತು. ಅದರ ಕೋಚ್ ಅದೇ ಶಾಲೆಯ ಪಿ.ಟಿ. ಮಾಸ್ತರು. ನಲವತ್ತು ದಾಟಿದವರು, ಗಟ್ಟಿ ದನಿಯವರೇನೂ ಅಲ್ಲ. ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ, ಒಂದು ಪೆನ್ನು. ಮೊದಲರ್ಧದುದ್ದಕ್ಕೂ ಅವರು ಗೆರೆಯಾಚೆ ನಿಂತು ಆ ಹಾಳೆಯ ಮೇಲೆ ಗೀಟು ಹಾಕುತ್ತಿದ್ದರೇ ಹೊರತು ಕೂಗಾಡಲಿಲ್ಲ.

ಹುಡುಗರು ಬಂದ ಕೂಡಲೇ ಮಾಸ್ತರು ಹೇಳಿದ್ದು ಎರಡೇ ಮಾತು. ‘ನೆರಳಿಗೆ ಬನ್ನಿ. ಸ್ಟಿಕ್ ಕೆಳಗಿಡಿ.’

ಸ್ಟಿಕ್ ಕೆಳಗಿಡಿ ಎಂದದ್ದು ಯಾಕೆಂದು ಆಮೇಲೆ ಅವರನ್ನೇ ಕೇಳಿದೆ. ಗಾಬರಿಯಾದ ಆಟಗಾರ ಸ್ಟಿಕ್ಕನ್ನು ಹಿಡಿಯುವುದಿಲ್ಲ, ಹಿಸುಕುತ್ತಾನಂತೆ. ಹಿಡಿತ ಬಿಗಿಯಾದಷ್ಟೂ ಬಂದ ಚೆಂಡು ಸ್ಟಿಕ್ಕಿಗೆ ಬಡಿದು ಎರಡು ಮಾರು ದೂರ ಸಿಡಿಯುತ್ತದೆ. ಬೆರಳು ಸಡಿಲವಾದರೆ ಅದೇ ಚೆಂಡು ಸ್ಟಿಕ್ಕಿನ ಬಳಿಯೇ ಸಾಯುತ್ತದೆ. ಹಾಗಾಗಿ ಮೊದಲ ಒಂದು ನಿಮಿಷ ಬೆರಳುಗಳಿಗೆ ವಿಶ್ರಾಂತಿ, ಬಾಯಿಗೆ ಗುಟುಕು ಗುಟುಕಾಗಿ ನೀರು, ಮಾತಿಲ್ಲ. ಗೋಲ್‌ಕೀಪರ್ ಹೆಲ್ಮೆಟ್ ತೆಗೆದು ಕತ್ತಿನ ಮೇಲೆ ನೀರು ಸುರಿದುಕೊಂಡ. ಅಷ್ಟರಲ್ಲಿ ಹುಡುಗನೊಬ್ಬನ ತಂದೆ ಗ್ಲೂಕೋಸ್ ಡಬ್ಬಿ ಹಿಡಿದು ಓಡಿಬಂದು, ‘ಸೆಂಟರ್‌ನಲ್ಲಿ ಯಾರೂ ಇಲ್ವಲ್ಲೋ!’ ಎಂದು ಶುರುಮಾಡಿದರು. ಮಾಸ್ತರು ನಗುತ್ತಲೇ ಅವರ ಹೆಗಲ ಮೇಲೆ ಕೈಯಿಟ್ಟು, ‘ಅಣ್ಣಾ, ನೀರು ನೀವು ಕೊಡಿ. ಮಾತು ನನಗಿರಲಿ’ ಎಂದರು. ತಂದೆ ಬುದ್ಧಿವಂತರು, ನೀರು ಕೊಡಲು ನಿಂತರು.

ಆಮೇಲೆ ಹಾಳೆ ಬಿಚ್ಚಿದರು. ‘ಎರಡು ಗೋಲು ಹೋಗಿವೆ. ಎರಡೂ ಹೇಗೆ ಹೋದವು ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಅವರು ನಮಗಿಂತ ಜೋರಾಗಿ ಓಡಿ ಹೊಡೆದದ್ದಲ್ಲ. ಈಗ ಮೂರು ಮಾತು ಹೇಳ್ತೀನಿ. ಒಂದು ಹಿಂದಿನವರಿಗೆ, ಒಂದು ನಡುವಿನವರಿಗೆ, ಒಂದು ಮುಂದಿನವರಿಗೆ. ನಿಮ್ಮದನ್ನು ಮಾತ್ರ ನೆನಪಿಟ್ಟುಕೊಳ್ಳಿ.’

ಮೊದಲ ಮಾತು ರೈಟ್ ಬ್ಯಾಕ್ ಹುಡುಗನಿಗೆ. ಮೊದಲ ಗೋಲಿಗೆ ಕಾರಣವಾದದ್ದು ಅವನ ಫ್ರೀ ಹಿಟ್. ತನ್ನ ಬಲಬದಿಯಿಂದ ಹೊಡೆದ ಚೆಂಡು ಮೈದಾನದ ನಡುವಿಗೆ ಹೋಗಿ, ಎದುರಾಳಿಯ ಸೆಂಟರ್ ಫಾರ್ವರ್ಡ್‌ಗೆ ನೇರವಾಗಿ ಸಿಕ್ಕಿತ್ತು. ಹುಡುಗ ಬೇಕೆಂದು ಹಾಗೆ ಹೊಡೆಯಲಿಲ್ಲ. ಹಾಕಿ ಆಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಎಂಬುದೇ ಇಲ್ಲ. ಎಲ್ಲರ ಸ್ಟಿಕ್ಕಿನ ಚಪ್ಪಟೆ ಮುಖವೂ ಒಂದೇ ಬದಿಗೆ. ಚೆಂಡು ಹೊಡೆಯುವಾಗ ಎಡ ಭುಜ ಗುರಿಯ ಕಡೆಗಿರಬೇಕು. ಮುಂದಕ್ಕೆ ಓಡುತ್ತಿರುವವನು ತನ್ನ ಎಡಕ್ಕೆ ಸಲೀಸಾಗಿ ಹೊಡೆಯುತ್ತಾನೆ, ಬೀಸು ತಾನಾಗಿಯೇ ಆ ಕಡೆ ಹೋಗುತ್ತದೆ. ಬಲಕ್ಕೆ ಹೊಡೆಯಬೇಕಾದರೆ ಮಾತ್ರ ಚೆಂಡನ್ನು ಸುತ್ತಿ ಎರಡು ಹೆಜ್ಜೆ ಹಾಕಿ ಮೈಯನ್ನೇ ತಿರುಗಿಸಬೇಕು. ಅವಸರವಾದಾಗ ಬಿಟ್ಟುಹೋಗುವುದು ಆ ಎರಡು ಹೆಜ್ಜೆಗಳೇ. ಲೆಫ್ಟ್ ಬ್ಯಾಕ್ ಗಾಬರಿಯಲ್ಲಿ ಹೊಡೆದರೆ ಚೆಂಡು ಎಡಗೆರೆಯ ಕಡೆ ಹೋಗುತ್ತದೆ, ಅಪಾಯ ಕಡಿಮೆ. ರೈಟ್ ಬ್ಯಾಕ್ ಗಾಬರಿಯಲ್ಲಿ ಹೊಡೆದರೆ ಅದು ತನ್ನದೇ ಗೋಲಿನ ಎದುರು ಹಾದುಹೋಗುತ್ತದೆ. ಒಂದೇ ಗಾಬರಿ, ಆದರೆ ತೆರಬೇಕಾದ ಬೆಲೆ ಬೇರೆ.

ಮಾಸ್ತರು ಇದನ್ನೆಲ್ಲ ವಿವರಿಸಲಿಲ್ಲ. ಹುಡುಗನನ್ನು ಎಬ್ಬಿಸಿ, ನೆಲದ ಮೇಲೊಂದು ಕಲ್ಲಿಟ್ಟು, ‘ಇದೇ ಚೆಂಡು. ಬಲಗಡೆ ಗೆರೆಗೆ ಕೊಡು ನೋಡೋಣ’ ಎಂದರು. ಹುಡುಗ ಸುತ್ತಿ ಬಂದು ಎಡ ಭುಜವನ್ನು ಗೆರೆಯ ಕಡೆ ತಂದು ನಿಂತ. ‘ಗೊತ್ತಲ್ಲ ನಿನಗೆ! ಮೊದಲು ಹೆಜ್ಜೆ, ಆಮೇಲೆ ಚೆಂಡು. ಬೀಸಬೇಡ, ತಳ್ಳು ಸಾಕು. ಗೆರೆ ದಾಟಿ ಹೊರಗೆ ಹೋದರೂ ನನಗೆ ಬೇಜಾರಿಲ್ಲ.’

ಎರಡನೆಯದು ಲೆಫ್ಟ್ ಹಾಫ್‌ಗೆ. ಎರಡನೇ ಗೋಲು ಪೆನಾಲ್ಟಿ ಕಾರ್ನರ್‌ನಿಂದ ಬಂದಿತ್ತು. ಆ ಕಾರ್ನರ್ ಸಿಕ್ಕಿದ್ದು ಡಿ ಒಳಗೆ ಚೆಂಡು ಇವನ ಕಾಲಿಗೆ ತಗುಲಿದ್ದರಿಂದ. ಮಣ್ಣಿನ ಮೈದಾನದಲ್ಲಿ ಚೆಂಡು ಉರುಳುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ನಿಂತ ಮೈಯಲ್ಲಿ ಸ್ಟಿಕ್ಕನ್ನು ನೆಟ್ಟಗೆ ಹಿಡಿದರೆ ಅದನ್ನು ತಡೆಯಲು ಎರಡು ಬೆರಳಗಲದ ಮರ ಮಾತ್ರ ಉಳಿಯುತ್ತದೆ, ತಪ್ಪಿದ ಚೆಂಡು ಬರುವುದು ನೇರ ಪಾದಕ್ಕೆ. ಮಂಡಿ ಬಗ್ಗಿಸಿ, ಎಡಗೈಯನ್ನು ನೆಲದ ಹತ್ತಿರ ತಂದು ಸ್ಟಿಕ್ಕನ್ನು ಮಲಗಿಸಿದರೆ ಇಡೀ ಸ್ಟಿಕ್ಕೇ ತಡೆಗೋಡೆಯಾಗುತ್ತದೆ.

‘ಮಗಾ, ಡಿ ಒಳಗೆ ಇರೋವಾಗ ನಿನ್ನ ಎಡಗೈ ಮಣ್ಣಾಗಬೇಕು. ಆಟ ಮುಗಿದ ಮೇಲೆ ಕೈ ನೋಡ್ತೀನಿ. ಚೆಂಡು ಪಾದದಿಂದ ಒಂದು ಅಡಿ ಮುಂದೆ ನಿಲ್ಲಲಿ.’ ಹುಡುಗ ಮೊದಲ ಬಾರಿಗೆ ನಕ್ಕ.

ಮುಂದಿನ ಸಾಲಿನ ಹುಡುಗರಿಗೆ ಬೈಗುಳ ಖಂಡಿತ ಎಂದುಕೊಂಡಿದ್ದೆ, ಒಂದೂ ಗೋಲು ಬಂದಿರಲಿಲ್ಲವಲ್ಲ. ಮಾಸ್ತರು ಹಾಳೆಯನ್ನು ಅವರ ಕಡೆ ತಿರುಗಿಸಿದರು. ‘ನೋಡಿ, ಡಿ ಹೊರಗಿಂದ ನಾಲ್ಕು ಹೊಡೆತ. ಡಿ ಒಳಗೆ ಚೆಂಡು ಹೋದದ್ದು ಒಂದೇ ಸಲ.’ ಗೋಲಿನ ಮುಂದಿನ ಆ ಅರೆವೃತ್ತದ ಒಳಗೆ ದಾಳಿಯ ತಂಡದವರ ಸ್ಟಿಕ್ ಚೆಂಡಿಗೆ ತಗುಲದಿದ್ದರೆ, ಚೆಂಡು ಬಲೆಗೆ ಬಿದ್ದರೂ ಗೋಲಲ್ಲ. ಇದು ಆ ಹುಡುಗರಿಗೆ ಗೊತ್ತಿಲ್ಲದ್ದಲ್ಲ. ಹಿಂದೆ ಬಿದ್ದಾಗ ಒಂದೇ ಏಟಿಗೆ ಸಾಲ ತೀರಿಸಿಬಿಡುವ ಆಸೆಯಿಂದ ದೂರದಿಂದಲೇ ಬೀಸುತ್ತಾರೆ. ‘ಮೊದಲ ಹತ್ತು ನಿಮಿಷ ಗೋಲು ಬೇಡ ನನಗೆ. ಎರಡು ಸಲ ಚೆಂಡನ್ನು ಡಿ ಒಳಗೆ ಒಯ್ಯಿರಿ, ಅಷ್ಟೇ ಲೆಕ್ಕ. ಒಯ್ಯೋಕೆ ಆಗದಿದ್ದರೆ ಹಿಂದಕ್ಕೆ ಕೊಡಿ.’

ಮಾತು ಮುಗಿಯಿತು. ಇನ್ನೂ ಒಂದು ನಿಮಿಷ ಬಾಕಿಯಿತ್ತು. ಅದನ್ನು ಅವರು ತುಂಬಿಸಲಿಲ್ಲ, ‘ನಿನ್ನದೇನು?’ ಎಂದು ಒಬ್ಬೊಬ್ಬರನ್ನೇ ಕೇಳಿದರು. ‘ಹೆಜ್ಜೆ ಆಮೇಲೆ ಚೆಂಡು.’ ‘ಕೈ ಮಣ್ಣು.’ ‘ಎರಡು ಸಲ ಒಳಗೆ.’ ನನ್ನ ಮಟ್ಟಿಗೆ ಆ ಐದು ನಿಮಿಷಗಳಲ್ಲಿ ಬಹು ಮುಖ್ಯವಾದದ್ದು ಇದೇ. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಲು ಬಾರದಿದ್ದರೆ ಆ ಹುಡುಗ ಕೇಳಿಸಿಕೊಂಡೇ ಇಲ್ಲ.

ಇಂಥ ಹೊತ್ತಿನಲ್ಲಿ ವೀರಗಾಥೆ ಹೇಳುವ ಆಸೆ ಯಾರಿಗೂ ಬರುತ್ತದೆ. 2021ರ ಆಗಸ್ಟ್ 5ರಂದು ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ಜರ್ಮನಿಯ ಎದುರು 1–3ರಿಂದ ಹಿಂದಿದ್ದ ಭಾರತ 5–4ರಿಂದ ಗೆದ್ದದ್ದು ಯಾರಿಗೆ ನೆನಪಿಲ್ಲ? ಆ ಕಥೆ ಬಸ್ಸಿನಲ್ಲಿ ಹೇಳಲು ಚೆನ್ನ. ವಿರಾಮದಲ್ಲಿ ಹೇಳಿದರೆ ರೈಟ್ ಬ್ಯಾಕ್‌ನ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆಯೇ ವಿನಾ ಅವನ ಪಾದ ತಿರುಗುವುದಿಲ್ಲ. ಅಂದು ಭಾರತ ವಿರಾಮಕ್ಕೆ ಮೊದಲೇ 3–3 ಮಾಡಿಕೊಂಡಿತ್ತು ಎಂಬುದನ್ನೂ ಕಥೆ ಹೇಳುವವರು ಮರೆಯುತ್ತಾರೆ.

ಎರಡನೇ ಅವಧಿ ಶುರುವಾದ ಸ್ವಲ್ಪ ಹೊತ್ತಿಗೇ ರೈಟ್ ಬ್ಯಾಕ್‌ಗೆ ಫ್ರೀ ಹಿಟ್ ಸಿಕ್ಕಿತು. ಹುಡುಗ ಚೆಂಡನ್ನು ಸುತ್ತಿ ಬಂದ, ತಳ್ಳಿದ, ಚೆಂಡು ಯಾರಿಗೂ ಸಿಗದೆ ಗೆರೆಯಾಚೆ ಹೋಯಿತು. ಪ್ರೇಕ್ಷಕರಲ್ಲಿ ಕೆಲವರು ‘ಥೂ’ ಎಂದರು. ಚಪ್ಪಾಳೆ ತಟ್ಟಿದವರು ಮಾಸ್ತರು ಒಬ್ಬರೇ. ಎದುರಾಳಿಗೆ ಸಿಕ್ಕಿದ್ದು ಗೆರೆಯ ಬಳಿ ಒಂದು ಹಿಟ್, ಗೋಲಿನ ಎದುರು ಅಲ್ಲ. ಅಷ್ಟರಲ್ಲಿ ಹಿಂದಿನವರೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತಿದ್ದರು. ತಂಡ ಸಮಾಧಾನಕ್ಕೆ ಬಂದಿದೆಯೇ ಎಂದು ತಿಳಿಯಲು ಮುಖ ನೋಡಬೇಕಾಗಿಲ್ಲ. ಚೆಂಡಿನ ಸುತ್ತ ಒಂದೇ ಬಣ್ಣದ ಅಂಗಿಗಳು ಎಷ್ಟಿವೆ ಎಂದು ಎಣಿಸಿದರೆ ಸಾಕು. ಮೊದಲರ್ಧದಲ್ಲಿ ನಾಲ್ಕೈದು ಹುಡುಗರು ಒಟ್ಟಿಗೇ ಚೆಂಡಿಗೆ ಮುತ್ತುತ್ತಿದ್ದರು, ಈಗ ಇಬ್ಬರು.

ಹತ್ತು ನಿಮಿಷದೊಳಗೆ ಚೆಂಡು ಡಿ ಒಳಗೆ ಮೂರು ಸಲ ಹೋಯಿತು. ಮೂರನೆಯ ಸಲ ಗೋಲ್‌ಕೀಪರ್‌ನ ಪ್ಯಾಡಿಗೆ ಬಡಿದು ಮರಳಿದ ಚೆಂಡನ್ನು ಲೆಫ್ಟ್ ಇನ್ ಹುಡುಗ ಬಲೆಗೆ ತಳ್ಳಿದ. 1–2. ಆಮೇಲೆ ಗೋಲು ಬರಲಿಲ್ಲ. ಕೊನೆಯ ನಿಮಿಷಗಳಲ್ಲಿ ಕಾಲು ಸೋತ ರೈಟ್ ಬ್ಯಾಕ್ ಮತ್ತೆ ಒಮ್ಮೆ ನಡುವಿಗೇ ಹೊಡೆದ. ಕೀಪರ್ ಮುಂದೆ ಬಂದು ಉಳಿಸಿದ. ದಣಿದ ಕಾಲು ಹೆಜ್ಜೆ ಮರೆಯುತ್ತದೆ, ಅದಕ್ಕೆ ವಿರಾಮದ ಯಾವ ಮಾತೂ ಮದ್ದಲ್ಲ. ಐದು ನಿಮಿಷದಲ್ಲಿ ಗೊತ್ತಿರುವುದನ್ನು ನೆನಪಿಸಬಹುದು. ಉಸಿರನ್ನಾಗಲಿ, ಬಾರದ ವಿದ್ಯೆಯನ್ನಾಗಲಿ ತುಂಬಲಾಗದು.

ಪಂದ್ಯ ಸೋತ ಮೇಲೆ ಗ್ಲೂಕೋಸಿನ ಆ ತಂದೆ, ‘ಇನ್ನೇನು ಸರ್, ಮುಂದಿನ ವರ್ಷಾನೇ ಅಲ್ವಾ’ ಎಂದರು. ಮಾಸ್ತರು ಲೆಫ್ಟ್ ಹಾಫ್ ಹುಡುಗನ ಎಡಗೈ ಹಿಡಿದು ನೋಡುತ್ತಿದ್ದರು. ಬೆರಳ ಗೆಣ್ಣುಗಳ ತನಕ ಕೆಂಪು ಮಣ್ಣು. ‘ಸೋಮವಾರ ಅಣ್ಣಾ’ ಎಂದರು ತಲೆಯೆತ್ತದೆ. ‘ಇವನ ಜೊತೆ ಆ ರೈಟ್ ಬ್ಯಾಕ್‌ನೂ ಅರ್ಧ ಗಂಟೆ ಮುಂಚೆ ಕಳಿಸಿ. ಓಟ ಮುಗಿಸಿ, ಉಸಿರು ಬಿಡ್ತಾ ಇರುವಾಗಲೇ ಇಪ್ಪತ್ತು ಫ್ರೀ ಹಿಟ್ ಹೊಡೀಲಿ. ಎಲ್ಲಾ ಬಲಕ್ಕೆ.’